ಹತ್ತು ಅಂಕಕ್ಕೆ ಹದಿನಾರು ನಿಮಿಷ

ನಿಡಸೋಸಿ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯಿಂದ ಹೋಗಿ ವೈದ್ಯಕೀಯ ಓದುತ್ತಿರುವ ತಮ್ಮಂದಿರೇ, ತಂಗಿಯರೇ,

ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ವೈದ್ಯಕೀಯ ಓದಬೇಕಾದರೆ ನೀವು ಬೆಳಗಾವಿಗೋ ಅದಕ್ಕಿಂತ ದೂರಕ್ಕೋ ಹೋಗಬೇಕು, ಆಯುರ್ವೇದವಾದರೆ ಘಟಪ್ರಭಾಕ್ಕೆ. ನಿಮ್ಮಲ್ಲಿ ಹಲವರು ಗ್ರಾಮೀಣ ಕೋಟಾದಲ್ಲೋ ಕನ್ನಡ ಮಾಧ್ಯಮದ ಕೋಟಾದಲ್ಲೋ ಸೀಟು ಪಡೆದವರು. ಮೊದಲ ವರ್ಷದ ವಿಶ್ವವಿದ್ಯಾಲಯದ ಪರೀಕ್ಷೆ ಹತ್ತಿರವಾದಾಗ ನಿಮ್ಮ ಹಾಸ್ಟೆಲುಗಳಲ್ಲಿ ಒಂದೇ ಚಿಂತೆ ಸುತ್ತುತ್ತದೆ: ಲಾಂಗ್ ಎಸ್ಸೇ. ಅದಕ್ಕೆ ಎಷ್ಟು ಪುಟ ಬರೆಯಬೇಕು, ಯಾರ ನೋಟ್ಸ್ ಕಂಠಪಾಠ ಮಾಡಬೇಕು, ಇಂಗ್ಲಿಷ್ ಸರಾಗವಾಗಿ ಬಾರದಿದ್ದರೆ ಗತಿಯೇನು ಎಂದೇ ಮಾತು. ಈ ಪತ್ರದಲ್ಲಿ ನಾನು ಹೇಳಬೇಕಾದ್ದು ಇಷ್ಟು. ಹತ್ತು ಅಂಕದ ಉತ್ತರದ ಗಾತ್ರವನ್ನು ನಿರ್ಧರಿಸುವುದು ಗಡಿಯಾರ, ಅದರ ಆಕಾರವನ್ನು ನಿರ್ಧರಿಸುವುದು ಪ್ರಶ್ನೆಯೊಳಗಿನ ಅಂಕವಿಭಜನೆ. ಆ ಆಕಾರದ ಬಹುಭಾಗವನ್ನು ವಾಕ್ಯಗಳಿಗಿಂತ ಒಂದು ಸರಿಯಾದ ಚಿತ್ರವೇ ಹೊರಬಲ್ಲದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಕ್ರಮದಿಂದ ಆಗುವ ಲಾಭ ಉಳಿದವರಿಗಿಂತ ಒಂದಿಷ್ಟು ಹೆಚ್ಚೇ.

ಮೊದಲು ಲೆಕ್ಕ ನೋಡೋಣ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಂಬಿಬಿಎಸ್ ಥಿಯರಿ ಪೇಪರು 100 ಅಂಕದ್ದು, ಅವಧಿ ಮೂರು ಗಂಟೆ. ಸ್ಕೀಮು ಬದಲಾದಾಗ ಸಣ್ಣ ಪ್ರಶ್ನೆಗಳ ಎಣಿಕೆ ಹೆಚ್ಚು ಕಡಿಮೆಯಾಗಿದೆ. ಆದರೆ ತಲಾ 10 ಅಂಕದ ಎರಡು ಲಾಂಗ್ ಎಸ್ಸೇ, ಜೊತೆಗೆ 5 ಅಂಕದ ಶಾರ್ಟ್ ಎಸ್ಸೇ, 3 ಅಂಕದ ಶಾರ್ಟ್ ಆನ್ಸರ್ ಎಂಬ ಮೂಲ ವಿನ್ಯಾಸ ಹಾಗೇ ಇದೆ. ಅಂದರೆ ನಿಮ್ಮ ಚಿಂತೆಯ ಮುಕ್ಕಾಲುಪಾಲನ್ನು ತಿನ್ನುವ ಆ ಎರಡು ಪ್ರಶ್ನೆಗಳ ಪಾಲು ಇಡೀ ಪೇಪರಿನಲ್ಲಿ 20 ಮಾತ್ರ. ಮೂರು ಗಂಟೆ ಎಂದರೆ 180 ನಿಮಿಷ. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಲು 10 ನಿಮಿಷ, ಕೊನೆಗೆ ಪ್ರಶ್ನೆಸಂಖ್ಯೆ ಮತ್ತು ಬಿಟ್ಟುಹೋದ ಲೇಬಲ್ ನೋಡಲು 10 ನಿಮಿಷ ತೆಗೆದರೆ ಉಳಿಯುವುದು 160. ಅಂಕಕ್ಕೆ ಒಂದೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಹತ್ತು ಅಂಕಕ್ಕೆ 16 ನಿಮಿಷ, ಐದು ಅಂಕಕ್ಕೆ 8, ಮೂರು ಅಂಕಕ್ಕೆ ಐದಕ್ಕಿಂತ ಕಡಿಮೆ. ಘಟಪ್ರಭಾದಲ್ಲಿ ಬಿಎಎಂಎಸ್ ಓದುವವರಿಗೆ ಈಗಿನ ವಿನ್ಯಾಸದಲ್ಲಿ ಹತ್ತು ಅಂಕದ ಪ್ರಶ್ನೆಗಳು ನಾಲ್ಕು ಬರುತ್ತವೆ. ಪ್ರಶ್ನೆಗಳ ಎಣಿಕೆ ಬೇರೆಯಾದರೂ ಒಂದು ಅಂಕಕ್ಕೆ ದಕ್ಕುವ ಸಮಯ ಅವರಿಗೂ ಇಷ್ಟೇ.

ಈಗ ಸಾಮಾನ್ಯವಾಗಿ ನಡೆಯುವುದನ್ನು ಈ ಲೆಕ್ಕದ ಪಕ್ಕದಲ್ಲಿಡಿ. ಚೆನ್ನಾಗಿ ಓದಿದ ವಿದ್ಯಾರ್ಥಿ ಮೊದಲ ಲಾಂಗ್ ಎಸ್ಸೇಗೆ 35 ನಿಮಿಷ ಕೊಡುತ್ತಾನೆ, ಎರಡನೆಯದಕ್ಕೂ ಅಷ್ಟೇ. 160ರಲ್ಲಿ 70 ಹೋಯಿತು. ಉಳಿದ 80 ಅಂಕಕ್ಕೆ 90 ನಿಮಿಷ, ಐದು ಅಂಕದ ಪ್ರಶ್ನೆಗೆ ಆರು ನಿಮಿಷವೂ ಇಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಅಕ್ಷರ ಕೆಡುತ್ತದೆ, ಚಿತ್ರಗಳು ಬಿಟ್ಟುಹೋಗುತ್ತವೆ, ಕಡೆಯ ಎರಡು ಮೂರು ಪ್ರಶ್ನೆಗಳು ಖಾಲಿ ಉಳಿಯುತ್ತವೆ. ಹೆಚ್ಚುವರಿಯಾಗಿ ಕೊಟ್ಟ ಆ 19 ನಿಮಿಷದಿಂದ ಒಂದು ಲಾಂಗ್ ಎಸ್ಸೇಯಲ್ಲಿ ಸಿಗುವುದೇನು? ಏಳು ಅಂಕದ ಉತ್ತರ ಏಳೂವರೆಯೋ ಎಂಟೋ ಆದೀತು. ಅದೇ ಸಮಯದಲ್ಲಿ ಮೂರು ಅಂಕದ ನಾಲ್ಕು ಪ್ರಶ್ನೆಗಳನ್ನು ಮುಟ್ಟಬಹುದಿತ್ತು. ಯಾವ ಪ್ರಶ್ನೆಯಲ್ಲೇ ಆಗಲಿ, ಮೊದಲ ಅರ್ಧದಷ್ಟು ಅಂಕ ಬೇಗ ಸಿಗುತ್ತದೆ, ಕೊನೆಯ ಎರಡು ಅಂಕಕ್ಕೆ ಬಹಳ ಹೆಣಗಬೇಕು. ಲಾಂಗ್ ಎಸ್ಸೇಯ ಕೊನೆಯ ಒಂದು ಅಂಕವನ್ನು ಬೆನ್ನಟ್ಟಿ ಹೋದವರು ಶಾರ್ಟ್ ಆನ್ಸರಿನ ಮೊದಲ ಎರಡು ಅಂಕಗಳನ್ನು ಕಳೆದುಕೊಳ್ಳುತ್ತಾರೆ. ಗೊತ್ತಿದ್ದ ವಿಷಯದಲ್ಲೇ ಅಂಕ ಹೋಗುವುದು ಬಹುಮಟ್ಟಿಗೆ ಹೀಗೆ.

ಲೆಕ್ಕದ ಇನ್ನೊಂದು ಭಾಗವನ್ನು ಬಹಳ ಜನ ಮಾಡುವುದೇ ಇಲ್ಲ. ನಿಮ್ಮ ಬರವಣಿಗೆಯ ವೇಗ ಎಷ್ಟು? ಯೋಚಿಸುತ್ತ ಇಂಗ್ಲಿಷಿನಲ್ಲಿ ಬರೆಯುವಾಗ ನಿಮಿಷಕ್ಕೆ 20 ಪದ ಎಂದಿಟ್ಟುಕೊಳ್ಳಿ. ನಿಮ್ಮದು ಬೇರೆ ಇರಬಹುದು, ಐದು ನಿಮಿಷ ಬರೆದು ಎಣಿಸಿದರೆ ತಿಳಿಯುತ್ತದೆ. ಹದಿನಾರು ನಿಮಿಷದಲ್ಲಿ ಪ್ರಶ್ನೆಯನ್ನು ಬಿಡಿಸಿಕೊಳ್ಳಲು ಒಂದು, ಚಿತ್ರಕ್ಕೆ ನಾಲ್ಕು, ತಿರುಗಿ ನೋಡಲು ಒಂದು ತೆಗೆದರೆ ಬರೆಯಲು ಉಳಿಯುವುದು ಹತ್ತು ನಿಮಿಷ. ಹತ್ತು ನಿಮಿಷಕ್ಕೆ 200 ಪದ, ಚಿತ್ರವೂ ಸೇರಿ ಎರಡು ಪುಟ, ತೀರಾ ಎಂದರೆ ಎರಡೂವರೆ. ಪರೀಕ್ಷೆಗೆಂದು ನೀವು ತಯಾರಿಸಿಟ್ಟ ಐದು ಪುಟದ ನೋಟ್ಸು ಆ ಕೋಣೆಯಲ್ಲಿ ಬರೆಯಲಾಗದ ಉತ್ತರ. ಅದನ್ನು ಎಷ್ಟು ಸಲ ಓದಿದರೂ ಅಲ್ಲಿ ಕೂತು ಕತ್ತರಿಸಲೇಬೇಕು. ಗಾಬರಿಯಲ್ಲಿ ಕತ್ತರಿಸುವವರು ಸಾಮಾನ್ಯವಾಗಿ ಕೊನೆಯ ಭಾಗವನ್ನು ಕತ್ತರಿಸುತ್ತಾರೆ. ಅಪ್ಲೈಡ್ ಭಾಗ, ಅಂದರೆ ರೋಗಿಗೆ ಸಂಬಂಧಿಸಿದ ಭಾಗ, ಇರುವುದು ಹೆಚ್ಚಾಗಿ ಅಲ್ಲಿಯೇ.

ಒಂದು ಪ್ರಶ್ನೆಯನ್ನು ಹಿಡಿದು ಪೂರ್ತಿ ನೋಡೋಣ. ಇದು ನಾನು ಕಟ್ಟಿದ ಪ್ರಶ್ನೆ. ಅನಾಟಮಿ ಪೇಪರಿನಲ್ಲಿ ಇದರ ಬಗೆಯವು ಬರುತ್ತವೆ, ಏಕೆಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮದಲ್ಲಿ ಇಂಗ್ವೈನಲ್ ಕೆನಾಲಿನ ವಿಸ್ತಾರ, ಗಡಿ, ಒಳಗಿನ ವಸ್ತುಗಳು ಮತ್ತು ಹೆಸೆಲ್‌ಬಾಕ್ ತ್ರಿಕೋನ ಎಎನ್ 44.4 ಎಂಬ ಸಂಖ್ಯೆಯಡಿ ಇವೆ, ಹರ್ನಿಯಾದ ಅನಾಟಮಿ ಆಧಾರ ಮುಂದಿನ 44.5ರಲ್ಲಿದೆ. ಪ್ರಶ್ನೆ ಹೀಗಿದೆ ಎಂದುಕೊಳ್ಳಿ: ಸಂಕೇಶ್ವರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುವ 45 ವರ್ಷದ ಕೂಲಿ ಕಾರ್ಮಿಕನಿಗೆ ಬಲ ತೊಡೆಸಂದಿನಲ್ಲಿ ಗಂಟು. ಕೆಮ್ಮಿದಾಗ ದೊಡ್ಡದಾಗಿ ವೃಷಣಚೀಲದವರೆಗೆ ಇಳಿಯುತ್ತದೆ, ಮಲಗಿದಾಗ ಒಳಗೆ ಹೋಗುತ್ತದೆ. ಎ) ಇದೇನು? 1 ಅಂಕ. ಬಿ) ಇಂಗ್ವೈನಲ್ ಕೆನಾಲಿನ ಗಡಿಗಳನ್ನೂ ಒಳಗಿನ ವಸ್ತುಗಳನ್ನೂ ಚಿತ್ರಸಹಿತ ವಿವರಿಸಿ, 5 ಅಂಕ. ಸಿ) ಆರೋಗ್ಯವಂತರಲ್ಲಿ ಇಲ್ಲಿ ಹರ್ನಿಯಾ ಆಗದಂತೆ ತಡೆಯುವುದೇನು? 2 ಅಂಕ. ಡಿ) ಡೈರೆಕ್ಟ್, ಇನ್‌ಡೈರೆಕ್ಟ್ ಹರ್ನಿಯಾಗಳ ವ್ಯತ್ಯಾಸ, 2 ಅಂಕ.

ಈ ಪ್ರಶ್ನೆ ತನ್ನ ಉತ್ತರದ ವಿನ್ಯಾಸವನ್ನು ತಾನೇ ಕೊಟ್ಟಿದೆ. ನಾಲ್ಕು ಶೀರ್ಷಿಕೆ, ಅದೇ ಕ್ರಮ, ಅದೇ ಅಕ್ಷರಗಳು. ಬೇರೆ ಪೀಠಿಕೆ ಬೇಕಿಲ್ಲ. ಎ ಭಾಗಕ್ಕೆ ಒಂದು ನಿಮಿಷ, ಒಂದು ವಾಕ್ಯ: ಬಲಬದಿಯ, ಒಳಗೆ ತಳ್ಳಬಹುದಾದ ಇನ್‌ಡೈರೆಕ್ಟ್ ಇಂಗ್ವೈನಲ್ ಹರ್ನಿಯಾ, ಏಕೆಂದರೆ ಕೆಮ್ಮಿದಾಗ ದೊಡ್ಡದಾಗುತ್ತದೆ, ವೃಷಣಚೀಲಕ್ಕಿಳಿಯುತ್ತದೆ, ಮಲಗಿದಾಗ ಹಿಂದೆ ಸರಿಯುತ್ತದೆ. ಆ ಕಾರಣದ ತುಂಡನ್ನು ಬಿಡಬೇಡಿ. ಪ್ರಶ್ನೆಯಲ್ಲಿ ರೋಗಿಯನ್ನು ತಂದಿರುವುದು ನೀವು ಅವನನ್ನು ಗಮನಿಸಿದ್ದೀರಾ ಎಂದು ನೋಡಲು. ಮತ್ತೊಂದು ತುದಿಯ ತಪ್ಪೂ ಇದೆ. ಹರ್ನಿಯಾದ ವ್ಯಾಖ್ಯೆ, ವಿಧಗಳು, ಆಪರೇಷನ್ನು ಎಂದು ಅರ್ಧ ಪುಟ ತುಂಬಿಸುವುದು. ಅದಕ್ಕೆ ಅಂಕವೇ ಇಲ್ಲ. ಪ್ರಶ್ನೆಪತ್ರಿಕೆಯ ತಲೆಯಲ್ಲೇ ಉತ್ತರ ಕೇಳಿದ್ದಕ್ಕೆ ಮಾತ್ರ ನಿರ್ದಿಷ್ಟವಾಗಿರಲಿ, ಬೇಕಾದಲ್ಲಿ ಹೆಸರು ಗುರುತಿಸಿದ ಅಚ್ಚುಕಟ್ಟಾದ ಚಿತ್ರ ಬರೆಯಿರಿ ಎಂದು ಅಚ್ಚಾಗಿರುತ್ತದೆ. ಆ ಎರಡು ಸೂಚನೆಗಳನ್ನು ಓದದೆ ದಾಟುವವರೇ ಹೆಚ್ಚು.

ಬಿ ಭಾಗದಲ್ಲಿ ಮೊದಲು ಚಿತ್ರ ಬರೆಯಿರಿ, ಆಮೇಲೆ ಮಾತು. ಯಾವ ಚಿತ್ರ ಎಂಬ ಆಯ್ಕೆಯೇ ಇಲ್ಲಿ ಮುಖ್ಯ. ಪುಸ್ತಕದಲ್ಲಿ ಕೆನಾಲಿನ ನಾಲ್ಕೈದು ಚಿತ್ರಗಳಿವೆ: ಪದರ ಪದರವಾಗಿ ಸುಲಿದ ಸ್ನಾಯುಗಳದ್ದು, ಅಡ್ಡ ಕೊಯ್ದದ್ದು, ವೀರ್ಯನಾಳದ ಹುರಿಯ ಹೊದಿಕೆಗಳದ್ದು. ನೋಡಲು ಚೆಂದದ ಸ್ನಾಯುಪದರಗಳ ಚಿತ್ರಕ್ಕೆ ಹತ್ತು ನಿಮಿಷ ಬೇಕು, ಅದು ಡಿ ಭಾಗಕ್ಕೆ ನೆರವಾಗುವುದಿಲ್ಲ. ಮುಂದಿನಿಂದ ನೋಡಿದ ಗೆರೆಚಿತ್ರವನ್ನು ಆರಿಸಿದರೆ ಒಂದೇ ಚಿತ್ರ ಎರಡು ಭಾಗಗಳಿಗೆ ದುಡಿಯುತ್ತದೆ. ಬರೆಯುವ ಕ್ರಮ ಹೀಗೆ. ಸೊಂಟದ ಮೂಳೆಯ ಮುಂದಿನ ಮೇಲ್ತುದಿಯಿಂದ ಪ್ಯೂಬಿಕ್ ಟ್ಯೂಬರ್ಕಲ್‌ಗೆ ಒಂದು ಓರೆ ಗೆರೆ ಎಳೆಯಿರಿ, ಅದು ಇಂಗ್ವೈನಲ್ ಲಿಗಮೆಂಟ್. ದೇಹದ ಮಧ್ಯರೇಖೆಯನ್ನು ಚುಕ್ಕೆಗೆರೆಯಲ್ಲಿ ತೋರಿಸಿ, ಇಲ್ಲದಿದ್ದರೆ ಬಲ ಯಾವುದು ಎಡ ಯಾವುದು ಎಂದು ನೋಡುವವರಿಗೆ ತಿಳಿಯುವುದಿಲ್ಲ. ಲಿಗಮೆಂಟಿನ ನಡುಭಾಗದಿಂದ ಸುಮಾರು 1.25 ಸೆಂಟಿಮೀಟರ್ ಮೇಲೆ ಇರುವ ಡೀಪ್ ರಿಂಗನ್ನು ಒಂದು ಚಿಕ್ಕ ಅಂಡಾಕಾರವಾಗಿ ಬರೆಯಿರಿ. ಅದರ ಒಳಬದಿಗೆ, ಮಧ್ಯರೇಖೆಯ ಕಡೆಗೆ, ಕೆಳಗಿಂದ ಮೇಲಕ್ಕೆ ಓರೆಯಾಗಿ ಏರುವ ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ರಕ್ತನಾಳ. ಟ್ಯೂಬರ್ಕಲ್ ಹತ್ತಿರ ಒಂದು ಪುಟ್ಟ ತ್ರಿಕೋನ, ಅದು ಸೂಪರ್‌ಫಿಷಿಯಲ್ ರಿಂಗ್. ಎರಡು ರಿಂಗುಗಳನ್ನು ಜೋಡಿಸುವ ಎರಡು ಚುಕ್ಕೆಗೆರೆಗಳೇ ಕೆನಾಲ್, ಉದ್ದ ಸುಮಾರು 4 ಸೆಂಟಿಮೀಟರ್. ಕೊನೆಗೆ ರೆಕ್ಟಸ್ ಸ್ನಾಯುವಿನ ಹೊರಅಂಚನ್ನು ಒಂದು ನಿಂತ ಗೆರೆಯಲ್ಲಿ ಎಳೆದರೆ, ಆ ಅಂಚು, ರಕ್ತನಾಳ, ಲಿಗಮೆಂಟು ಮೂರರ ನಡುವೆ ಹೆಸೆಲ್‌ಬಾಕ್ ತ್ರಿಕೋನ ತಾನಾಗಿಯೇ ಮೂಡುತ್ತದೆ. ಎಂಟು ಲೇಬಲ್ ಸಾಕು, ಎಲ್ಲವೂ ಒಂದೇ ಬದಿಯಲ್ಲಿ, ಗೆರೆಗಳು ಒಂದನ್ನೊಂದು ದಾಟದಂತೆ.

ಈ ಚಿತ್ರದಲ್ಲಿ ಆಗುವ ದೊಡ್ಡ ತಪ್ಪು ಒಂದೇ: ರಕ್ತನಾಳವನ್ನು ಡೀಪ್ ರಿಂಗಿನ ಹೊರಬದಿಗೆ ಬರೆಯುವುದು. ಗೆರೆ ಎಷ್ಟೇ ಅಂದವಾಗಿದ್ದರೂ ಆಗ ಇಡೀ ಉತ್ತರ ತಲೆಕೆಳಗಾಗುತ್ತದೆ, ಏಕೆಂದರೆ ಡಿ ಭಾಗದ ವ್ಯತ್ಯಾಸವೆಲ್ಲ ಆ ರಕ್ತನಾಳದ ಯಾವ ಬದಿಯಲ್ಲಿ ಹರ್ನಿಯಾ ಹೊರಬರುತ್ತದೆ ಎಂಬುದರ ಮೇಲೆ ನಿಂತಿದೆ. ಪರೀಕ್ಷಿಸಿಕೊಳ್ಳಲು ಹೊರಬದಿಯಿಂದ ಮಧ್ಯರೇಖೆಯ ಕಡೆಗೆ ಬೆರಳಿಟ್ಟು ಹೇಳಿಕೊಳ್ಳಿ: ರಿಂಗು, ರಕ್ತನಾಳ, ತ್ರಿಕೋನ. ಈ ಕ್ರಮ ತಪ್ಪದಿದ್ದರೆ ಚಿತ್ರ ಸರಿಯಿದೆ. ಇನ್ನೊಂದು ಮಾತು. ಆರ್‌ಜಿಯುಎಚ್‌ಎಸ್ ಉತ್ತರಪತ್ರಿಕೆಗಳು ಸ್ಕ್ಯಾನ್ ಆಗಿ ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನಗೊಳ್ಳುತ್ತವೆ. ತೆಳ್ಳಗೆ ಎಳೆದ ಪೆನ್ಸಿಲ್ ಗೆರೆ ಅಲ್ಲಿ ಮಸುಕಾಗಬಹುದು. ಗೆರೆಯನ್ನು ಒತ್ತಿ ಎಳೆಯಿರಿ, ಲೇಬಲ್‌ಗಳನ್ನು ಪೆನ್ನಿನಲ್ಲಿ ಬರೆಯಿರಿ, ಅಂಗೈಯಗಲದ ಜಾಗ ಕೊಡಿ.

ಮಾತಿನ ಭಾಗಕ್ಕೆ ಬಂದರೆ, ಗಡಿಗಳನ್ನು ನಾಲ್ಕು ಸಾಲುಗಳಲ್ಲಿ ಮುಗಿಸಬಹುದು. ಮುಂದಿನ ಗೋಡೆ: ಉದ್ದಕ್ಕೂ ಎಕ್ಸ್‌ಟರ್ನಲ್ ಆಬ್ಲಿಕ್ ಅಪೊನ್ಯೂರೋಸಿಸ್, ಹೊರಗಿನ ಮೂರನೇ ಒಂದು ಭಾಗದಲ್ಲಿ ಜೊತೆಗೆ ಇಂಟರ್ನಲ್ ಆಬ್ಲಿಕ್ ಸ್ನಾಯು. ಹಿಂದಿನ ಗೋಡೆ: ಉದ್ದಕ್ಕೂ ಟ್ರಾನ್ಸ್‌ವರ್ಸಾಲಿಸ್ ಫೇಸಿಯಾ, ಒಳಭಾಗದಲ್ಲಿ ಜೊತೆಗೆ ಕನ್‌ಜಾಯಿಂಟ್ ಟೆಂಡನ್. ಮೇಲ್ಛಾವಣಿ: ಇಂಟರ್ನಲ್ ಆಬ್ಲಿಕ್ ಮತ್ತು ಟ್ರಾನ್ಸ್‌ವರ್ಸಸ್ ಸ್ನಾಯುಗಳ ಕಮಾನು. ನೆಲ: ಇಂಗ್ವೈನಲ್ ಲಿಗಮೆಂಟಿನ ತಗ್ಗಾದ ಮೇಲ್ಮೈ. ಒಳಗೆ ಗಂಡಸರಲ್ಲಿ ವೀರ್ಯನಾಳದ ಹುರಿ, ಹೆಂಗಸರಲ್ಲಿ ಗರ್ಭಕೋಶದ ರೌಂಡ್ ಲಿಗಮೆಂಟು, ಇಬ್ಬರಲ್ಲೂ ಇಲಿಯೋಇಂಗ್ವೈನಲ್ ನರ. ಈ ನರ ಡೀಪ್ ರಿಂಗಿನಿಂದ ಬರುವುದಿಲ್ಲ, ಸ್ನಾಯುಗಳ ಸಂದಿನಿಂದ ಕೆನಾಲಿಗೆ ಸೇರಿ ಸೂಪರ್‌ಫಿಷಿಯಲ್ ರಿಂಗಿನಿಂದ ಹೊರಬೀಳುತ್ತದೆ. ಆ ಒಂದು ವಾಕ್ಯ ಬರೆದವರು ವಿಷಯ ತಿಳಿದವರು ಎಂದು ಮೌಲ್ಯಮಾಪಕರಿಗೆ ಗೊತ್ತಾಗುತ್ತದೆ. ಇದೆಲ್ಲಕ್ಕೆ ನಾಲ್ಕು ನಿಮಿಷ.

ಸಿ ಮತ್ತು ಡಿ ಭಾಗಗಳಿಗೆ ತಲಾ ಎರಡೂವರೆ ನಿಮಿಷ. ಕ್ರಮಬದ್ಧವಾಗಿ ಬರೆದದ್ದು ತಿಳಿವಳಿಕೆಯನ್ನೂ ಹೇಗೆ ತೋರಿಸುತ್ತದೆ ಎಂಬುದಕ್ಕೆ ಸಿ ಭಾಗವೇ ಒಳ್ಳೆಯ ಉದಾಹರಣೆ. ಈಗಷ್ಟೇ ಬರೆದ ಗೋಡೆಗಳನ್ನು ಮತ್ತೆ ನೋಡಿ. ಹಿಂದಿನ ಗೋಡೆಯಲ್ಲಿ ಡೀಪ್ ರಿಂಗ್ ಎಂಬ ದುರ್ಬಲ ಜಾಗವಿರುವಲ್ಲಿ, ಅದರ ಎದುರಿಗೇ ಮುಂದಿನ ಗೋಡೆಗೆ ಇಂಟರ್ನಲ್ ಆಬ್ಲಿಕ್ ಸ್ನಾಯುವಿನ ಬಲವಿದೆ. ಮುಂದಿನ ಗೋಡೆಯಲ್ಲಿ ಸೂಪರ್‌ಫಿಷಿಯಲ್ ರಿಂಗ್ ತೆರೆದಿರುವಲ್ಲಿ, ಅದರ ಹಿಂದೆಯೇ ಕನ್‌ಜಾಯಿಂಟ್ ಟೆಂಡನ್ ನಿಂತಿದೆ. ಕೆನಾಲು ಓರೆಯಾಗಿರುವುದರಿಂದ ಹೊಟ್ಟೆಯ ಒತ್ತಡ ಹೆಚ್ಚಿದಾಗ ಹಿಂದಿನ ಗೋಡೆ ಮುಂದಿನದಕ್ಕೆ ಒತ್ತಿಕೊಳ್ಳುತ್ತದೆ, ಕಮಾನಿನ ಸ್ನಾಯು ಕುಗ್ಗಿ ಕೆಳಗಿಳಿಯುತ್ತದೆ, ಕ್ರೆಮಾಸ್ಟರ್ ಸ್ನಾಯು ಹುರಿಯನ್ನು ಮೇಲಕ್ಕೆಳೆದು ಸೂಪರ್‌ಫಿಷಿಯಲ್ ರಿಂಗನ್ನು ತುಂಬುತ್ತದೆ. ಫ್ಲ್ಯಾಪ್ ವಾಲ್ವ್, ಶಟರ್, ಬಾಲ್ ವಾಲ್ವ್ ಎಂದು ಪುಸ್ತಕ ಕರೆಯುವ ಮೂರೂ ಇಲ್ಲಿ ಬಂದವು. ಗೋಡೆಗಳನ್ನು ಅರ್ಥ ಮಾಡಿಕೊಂಡು ಬರೆದವರಿಗೆ ಸಿ ಭಾಗ ಬೇರೆ ಕಂಠಪಾಠ ಬೇಡುವುದಿಲ್ಲ. ಡಿ ಭಾಗಕ್ಕೆ ಎರಡು ಕಾಲಮ್ಮಿನ ಕೋಷ್ಟಕ, ನಾಲ್ಕು ಸಾಲು: ಇನ್‌ಡೈರೆಕ್ಟ್ ಡೀಪ್ ರಿಂಗಿನ ಮೂಲಕ, ಎಪಿಗ್ಯಾಸ್ಟ್ರಿಕ್ ರಕ್ತನಾಳದ ಹೊರಬದಿಯಲ್ಲಿ ಬರುತ್ತದೆ, ಡೈರೆಕ್ಟ್ ಹೆಸೆಲ್‌ಬಾಕ್ ತ್ರಿಕೋನದ ಮೂಲಕ, ಒಳಬದಿಯಲ್ಲಿ. ಇನ್‌ಡೈರೆಕ್ಟ್ ಯಾವ ವಯಸ್ಸಿನಲ್ಲೂ ಆಗಬಹುದು, ಡೈರೆಕ್ಟ್ ಸಾಮಾನ್ಯವಾಗಿ ವಯಸ್ಸಾದವರಲ್ಲಿ. ಮೊದಲನೆಯದು ವೃಷಣಚೀಲಕ್ಕೆ ಇಳಿಯುವುದು ಸಾಮಾನ್ಯ, ಎರಡನೆಯದರಲ್ಲಿ ಅಪರೂಪ. ಡೀಪ್ ರಿಂಗನ್ನು ಬೆರಳಿನಿಂದ ಒತ್ತಿ ಕೆಮ್ಮಿಸಿದರೆ ಮೊದಲನೆಯದು ಹೊರಬರುವುದಿಲ್ಲ, ಎರಡನೆಯದು ಬರುತ್ತದೆ. ಕೋಷ್ಟಕದ ಕೆಳಗೆ, ಮೇಲಿನ ಚಿತ್ರ ನೋಡಿ ಎಂದು ಸೂಚಿಸಿದರೆ ಸಾಕು, ಇನ್ನೊಂದು ಚಿತ್ರ ಬೇಡ.

ಇದಕ್ಕೆ ಎದುರಾಗಿ ನೀವು ಹೇಳುವ ಮಾತುಗಳು ನನಗೆ ಗೊತ್ತು. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬರುವುದು, ಮೌಲ್ಯಮಾಪಕರು ಪುಟ ಎಣಿಸಿ ಅಂಕ ಕೊಡುತ್ತಾರೆ, ಹಾಗಿರುವಾಗ ಎರಡು ಪುಟ ಬರೆದು ಕೂರುವುದು ಹೇಗೆ ಎಂಬ ಅಂಜಿಕೆ. ಇದನ್ನು ತಳ್ಳಿಹಾಕಲಾರೆ. ಪ್ರಬಂಧ ಮಾದರಿಯ ಉತ್ತರಗಳ ಅಂಕ ಮೌಲ್ಯಮಾಪಕರಿಂದ ಮೌಲ್ಯಮಾಪಕರಿಗೆ ಎಷ್ಟು ಏರುಪೇರಾಗುತ್ತದೆ ಎಂಬುದು ನೂರು ವರ್ಷಕ್ಕೂ ಹಿಂದೆ ಸಾಬೀತಾದ ಸಂಗತಿ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಾರು ಶಾಲೆಗಳ ಅಧ್ಯಾಪಕರಿಗೆ ಕಳಿಸಿದಾಗ, ನೂರಕ್ಕೆ 50ರ ಆಸುಪಾಸಿನಿಂದ 90 ದಾಟಿ ಅಂಕಗಳು ಬಂದವು. ಮರುವರ್ಷ ಜ್ಯಾಮಿತಿಯ ಉತ್ತರದಲ್ಲೂ ಅಂತರ ಕಡಿಮೆಯಾಗಲಿಲ್ಲ. ಆದರೆ ಈ ಸಂಗತಿ ನಿಮ್ಮ ಅಂಜಿಕೆಗೆ ಬೆಂಬಲ ಕೊಡುವುದಿಲ್ಲ, ಅದಕ್ಕೆ ಎದುರು ದಿಕ್ಕಿಗೆ ತೋರಿಸುತ್ತದೆ. ಏರುಪೇರು ಹುಟ್ಟುವುದು ಉತ್ತರದಲ್ಲಿ ಏನೇನಿದೆ ಎಂದು ಓದುವವರೇ ಹುಡುಕಿ ತೀರ್ಮಾನಿಸಬೇಕಾದಾಗ. ಅವರಿಗೆ ಬಿಟ್ಟ ಆ ತೀರ್ಮಾನವನ್ನು ನೀವು ಕಡಿಮೆ ಮಾಡಿದಷ್ಟೂ ನಿಮ್ಮ ಅಂಕ ಅವರ ಮನಸ್ಥಿತಿಯನ್ನು ಕಡಿಮೆ ಅವಲಂಬಿಸುತ್ತದೆ. ಐದು ಪುಟಗಳ ಒಂದೇ ಹರಿವಿನಲ್ಲಿ ಇಲಿಯೋಇಂಗ್ವೈನಲ್ ನರ ಎಲ್ಲೋ ಮೂರನೇ ಪುಟದ ಮಧ್ಯದಲ್ಲಿದ್ದರೆ ಅದು ಕಣ್ಣಿಗೆ ಬಿದ್ದರೂ ಬಿದ್ದೀತು, ಬೀಳದೆಯೂ ಹೋದೀತು. ಒಳಗಿನ ವಸ್ತುಗಳು ಎಂಬ ಶೀರ್ಷಿಕೆಯ ಕೆಳಗಿದ್ದರೆ ಬಿಟ್ಟುಹೋಗಲು ಸಾಧ್ಯವೇ ಇಲ್ಲ. ಪ್ರಶ್ನೆಯಲ್ಲಿ 1, 5, 2, 2 ಎಂದು ಹಂಚಿದ್ದರೆ ಅವರೂ ಹಾಗೆಯೇ ಅಂಕ ಹಾಕಬೇಕು. ಎರಡು ಅಂಕದ ಭಾಗ ಬಿಟ್ಟು ಐದು ಅಂಕದ ಭಾಗವನ್ನು ನಾಲ್ಕು ಪುಟ ಬರೆದರೂ ಆ ಎರಡು ಅಂಕ ಬರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಹೀಗೆ ಚೌಕಟ್ಟಿನಲ್ಲಿ ಬರೆಯುವುದನ್ನು ಕಲಿತರೆ ಪರೀಕ್ಷೆ ಪಾಸಾಗಬಹುದು, ವೈದ್ಯರಾಗುವುದು ಹೇಗೆ ಎಂದು ಕೇಳುವವರಿದ್ದಾರೆ. ಅವರು ಕೇಳುವುದರಲ್ಲಿ ಒಂದು ಸತ್ಯವಿದೆ: ಬೇರೆಯವರು ಮಾಡಿಕೊಟ್ಟ ಚೌಕಟ್ಟನ್ನು, ಎಲ್ಲ ಪ್ರಶ್ನೆಗೂ ಒಂದೇ ಎಂಬಂತೆ, ವ್ಯಾಖ್ಯೆ, ಕಾರಣ, ಲಕ್ಷಣ, ಚಿಕಿತ್ಸೆ ಎಂದು ತುಂಬಿಸುವವರು ಏನನ್ನೂ ಕಲಿಯುವುದಿಲ್ಲ. ನಾನು ಹೇಳುತ್ತಿರುವ ಚೌಕಟ್ಟು ಅದಲ್ಲ. ಅದು ಪ್ರತಿ ಪ್ರಶ್ನೆಯಿಂದಲೇ ಹುಟ್ಟಬೇಕು. ಕೇಳಿದ್ದೇನು, ಯಾವುದಕ್ಕೆ ಎಷ್ಟು ತೂಕ, ಯಾವ ಒಂದು ಚಿತ್ರ ಎರಡು ಕಡೆ ದುಡಿಯುತ್ತದೆ ಎಂದು ತೀರ್ಮಾನಿಸಲು ವಿಷಯ ತಿಳಿದಿರಲೇಬೇಕು. ರಕ್ತನಾಳ ಏಕೆ ಮುಖ್ಯ ಎಂದು ಗೊತ್ತಿಲ್ಲದವರು ಮುಂದಿನಿಂದ ನೋಡಿದ ಆ ಗೆರೆಚಿತ್ರವನ್ನು ಆರಿಸುವುದೇ ಇಲ್ಲ. ಮುಂದೆ ಹುಕ್ಕೇರಿಯ ತಾಲೂಕು ಆಸ್ಪತ್ರೆಯಿಂದ ಬೆಳಗಾವಿಗೆ ರೋಗಿಯನ್ನು ಕಳಿಸುವಾಗ ನೀವು ಬರೆಯುವ ರೆಫರಲ್ ಚೀಟಿಯಲ್ಲೂ ಇದೇ ಕೆಲಸವಿದೆ. ಅಲ್ಲಿಯ ಸರ್ಜನ್ನು ಆ ಚೀಟಿಯಲ್ಲಿ ಗಂಟು ಒಳಗೆ ಹೋಗುತ್ತದೆಯೇ, ನೋವು ಯಾವಾಗ ಶುರುವಾಯಿತು, ವಾಂತಿಯಿದೆಯೇ ಎಂಬುದನ್ನು ಮೊದಲು ಹುಡುಕುತ್ತಾರೆ.

ಚಿತ್ರ ಬರೆಯಲು ಬರುವುದಿಲ್ಲ, ಅದಕ್ಕೆ ಸಮಯ ಹೋಗುತ್ತದೆ ಎನ್ನುವವರಿಗೆ ಉತ್ತರ ಚಿಕ್ಕದು. ಮೇಲಿನ ಚಿತ್ರದಲ್ಲಿರುವುದು ಎರಡು ಗೆರೆ, ಒಂದು ಅಂಡಾಕಾರ, ಒಂದು ತ್ರಿಕೋನ, ಒಂದು ಬಾಗಿದ ಗೆರೆ, ಒಂದಿಷ್ಟು ಚುಕ್ಕೆಗೆರೆ. ಕಲೆಯ ಅಗತ್ಯವಿಲ್ಲ. ಮೊದಲ ಸಲ ಏಳೆಂಟು ನಿಮಿಷ ಹಿಡಿಯುತ್ತದೆ, ಪುಸ್ತಕ ಮುಚ್ಚಿ ಹಲವು ಸಲ ಬರೆದಾಗ ನಾಲ್ಕಕ್ಕೆ ಬರುತ್ತದೆ. ಆದ್ದರಿಂದ ಚಿತ್ರವನ್ನು ಗಡಿಯಾರ ಇಟ್ಟುಕೊಂಡೇ ಕಲಿಯಿರಿ, ನಾಲ್ಕು ನಿಮಿಷಕ್ಕೆ ಮುಗಿಯದಿದ್ದರೆ ಸರಳಗೊಳಿಸಿ. ಶರೀರಕ್ರಿಯೆ, ಬಯೋಕೆಮಿಸ್ಟ್ರಿ ಪೇಪರುಗಳಲ್ಲಿ ಅಂಗದ ಚಿತ್ರಕ್ಕೆ ಬದಲು ಬಾಣಗಳ ಹರಿವಿನ ನಕ್ಷೆಯೋ ಗ್ರಾಫೋ ಬೇಕಾಗುತ್ತದೆ. ಅಲ್ಲಿ ಅಕ್ಷಗಳಿಗೆ ಹೆಸರು, ಬಾಣಕ್ಕೆ ದಿಕ್ಕು ಇವೇ ಲೇಬಲ್‌ಗಳು.

ಇಂಗ್ಲಿಷಿನ ಮಾತಿಗೆ ಬರೋಣ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ನಿಮಗೆ ಐದು ಪುಟದ ನಿರರ್ಗಳ ಇಂಗ್ಲಿಷ್ ಬರೆಯಬೇಕೆಂಬ ಕಲ್ಪನೆಯೇ ಭಾರವಾಗುತ್ತದೆ. ಆದರೆ ಮೇಲಿನ ಉತ್ತರವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಪೂರ್ಣ ವಾಕ್ಯ ಬೇಕಾದದ್ದು ಎ ಭಾಗದ ಒಂದು, ನರದ ಬಗ್ಗೆ ಒಂದು, ಸಿ ಭಾಗದ ನಾಲ್ಕೈದು. ಉಳಿದದ್ದು ಶೀರ್ಷಿಕೆ, ಲೇಬಲ್, ಕೋಷ್ಟಕ. ಅನಾಟಮಿಯ ಹೆಸರುಗಳು ಇಂಗ್ಲಿಷ್ ಮಾಧ್ಯಮದವರಿಗೂ ಹೊಸವೇ, ಅಲ್ಲಿ ಅವರೂ ನೀವೂ ಸಮ. ಅವರಿಗೆ ಸುಲಭವಾಗಿ ಬರುವ ನಡುವಿನ ಇಂಗ್ಲಿಷ್ ವಾಕ್ಯಗಳಿಗೆ ಹೆಚ್ಚು ಅಂಕವಿಲ್ಲ. ನಿಮ್ಮ ಶ್ರಮವನ್ನು ಆ ಹೆಸರುಗಳ ಕಾಗುಣಿತಕ್ಕೆ ಮತ್ತು ಕಾರಣ ಹೇಳುವ ವಾಕ್ಯಗಳಿಗೆ ಇಡಿ. ಇದು ಅದರಿಂದ ಆಗಿದೆ, ಆದ್ದರಿಂದ ಹೀಗೆ, ಇದು ಇಲ್ಲಿದ್ದರೆ ಅದು ಅಲ್ಲಿ ಎನ್ನುವ ಮೂರು ನಾಲ್ಕು ಬಗೆಯ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಲು ಕಲಿತರೆ ಮೊದಲ ವರ್ಷಕ್ಕೆ ಸಾಕಾಗುತ್ತದೆ. ಕನ್ನಡದಲ್ಲಿ ಯೋಚಿಸಿ ಅರ್ಥ ಮಾಡಿಕೊಂಡದ್ದು ಚಿತ್ರವಾಗಿ ಇಳಿಯುವಾಗ ಯಾವ ಭಾಷೆಯನ್ನೂ ದಾಟಬೇಕಿಲ್ಲ.

ಪರೀಕ್ಷೆಯ ದಿನ ಯಾವುದನ್ನು ಮೊದಲು ಬರೆಯಬೇಕೆಂಬ ಜಗಳ ಹಾಸ್ಟೆಲಿನಲ್ಲಿ ಮುಗಿಯುವುದಿಲ್ಲ. ಚೆನ್ನಾಗಿ ಗೊತ್ತಿರುವ ಲಾಂಗ್ ಎಸ್ಸೇಯಿಂದ ಶುರುಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಭಾಗಗಳನ್ನು ತೂಗಿ ನೋಡುವ ಕೆಲಸಕ್ಕೆ ಮೊದಲ ಗಂಟೆಯ ತಲೆ ಬೇಕು. ಗೊತ್ತಿಲ್ಲದ ಲಾಂಗ್ ಎಸ್ಸೇಯನ್ನು ಮಾತ್ರ ಶಾರ್ಟ್ ಎಸ್ಸೇಗಳ ನಂತರಕ್ಕೆ ಇಡಿ. ಬರೆಯುವಾಗ ಹದಿನಾರು ನಿಮಿಷ ಆಯಿತೆಂದರೆ ವಾಕ್ಯ ಮುಗಿಸಿ, ಅರ್ಧ ಪುಟ ಖಾಲಿ ಬಿಟ್ಟು ಮುಂದಕ್ಕೆ ಹೋಗಿ. ಕೊನೆಗೆ ಸಮಯ ಉಳಿದರೆ ಆ ಖಾಲಿ ಜಾಗಕ್ಕೆ ಬರಬಹುದು. ಈ ನಿಲ್ಲಿಸುವ ಅಭ್ಯಾಸವೇ ಕಷ್ಟದ್ದು, ಗೊತ್ತಿರುವುದನ್ನು ಬರೆಯುತ್ತಿರುವಾಗ ಕೈ ತಡೆಯುವುದಿಲ್ಲ. ಮನೆಯಲ್ಲಿ ಹತ್ತು ಸಲ ಗಡಿಯಾರದ ಎದುರು ನಿಲ್ಲಿಸದವರು ಪರೀಕ್ಷಾ ಕೋಣೆಯಲ್ಲಿ ನಿಲ್ಲಿಸುವುದಿಲ್ಲ.

ಇದಕ್ಕೊಂದು ಮಿತಿಯೂ ಇದೆ. ಓದದ ವಿಷಯವನ್ನು ಯಾವ ಚೌಕಟ್ಟೂ ಬರೆಸಲಾರದು. ಡೀಪ್ ರಿಂಗ್ ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ನಾಲ್ಕು ಶೀರ್ಷಿಕೆಗಳ ಕೆಳಗೆ ನಾಲ್ಕು ಖಾಲಿ ಜಾಗಗಳು ಉಳಿಯುತ್ತವೆ. ಅದೂ ಒಂದು ಉಪಯೋಗವೇ, ಪರೀಕ್ಷೆಗೆ ಮುಂಚೆ ಅಭ್ಯಾಸ ಮಾಡುವಾಗ. ಹಳೆಯ ಪ್ರಶ್ನೆಪತ್ರಿಕೆಗಳಿಂದ ವಾರಕ್ಕೆ ಎರಡು ಲಾಂಗ್ ಎಸ್ಸೇ ತೆಗೆದು ಹದಿನಾರು ನಿಮಿಷದಲ್ಲಿ ಬರೆಯಿರಿ, ಆಮೇಲೆ ಉತ್ತರವನ್ನು ಜೊತೆಗಾರರ ಕೈಗೆ ಕೊಟ್ಟು ಪ್ರಶ್ನೆಯ ಅಂಕವಿಭಜನೆಯಂತೆ ಅಂಕ ಹಾಕಲು ಹೇಳಿ. ಅವರು ಮೂರು ಸಂಗತಿ ನೋಡಲಿ. ಭಾಗದ ಉದ್ದ ಅದರ ಅಂಕಕ್ಕೆ ತಕ್ಕಂತಿದೆಯೇ? ಚಿತ್ರದಲ್ಲಿರುವ ಪ್ರತಿ ಲೇಬಲ್ಲು ಬರಹದಲ್ಲೂ ಬಂದಿದೆಯೇ, ಬಂದಿದ್ದರೆ ಎರಡೂ ಒಂದನ್ನೇ ಹೇಳುತ್ತವೆಯೇ? ಬರಹವನ್ನು ಕೈಯಿಂದ ಮುಚ್ಚಿ ಚಿತ್ರ ಮತ್ತು ಶೀರ್ಷಿಕೆಗಳನ್ನಷ್ಟೇ ನೋಡಿದರೆ ಕೇಳಿದ ಪ್ರಶ್ನೆ ಯಾವುದೆಂದು ಊಹಿಸಬಹುದೇ? ಊಹಿಸಲಾಗದಿದ್ದರೆ ಅದೇ ಪ್ರಶ್ನೆಯನ್ನು ಮುಂದಿನ ವಾರ, ಬೇರೆ ಚಿತ್ರ ಆರಿಸಿಕೊಂಡು, ಮತ್ತೆ ಬರೆಯಿರಿ.

ಇಂತಿ,
ನಿಮ್ಮ ಹಿತ ಬಯಸುವ,
ನಿಡಸೋಸಿ ಕಡೆಯವನೇ ಆದ ಒಬ್ಬ ಹಿರಿಯ